ಹೆಂಡತಿಯ 40ನೇ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡುವಾಗ ಎರಡು ಮಾತಾಡಬೇಕು, ನನ್ನ ಡ್ರಾಫ್ಟ್ ನೋಡಿ ಹೇಳಿ

ತೋಟದಮನೆ

ನಮಸ್ಕಾರ. ತೀರ್ಥಹಳ್ಳಿ ಕಡೆಯವನು. ಬರುವ ಭಾನುವಾರ ಹೆಂಡತಿಗೆ 40 ತುಂಬುತ್ತದೆ. ಮನೆಯಲ್ಲೇ ಮಧ್ಯಾಹ್ನದ ಊಟ, ಎರಡೂ ಕಡೆಯವರು ಸೇರಿ ಮೂವತ್ತು ಜನ ಆಗಬಹುದು. ಊಟ ಇರೋದು ಅವಳಿಗೆ ಗೊತ್ತು. ಉಡುಗೊರೆ ವಿಷಯ ಗೊತ್ತಿಲ್ಲ. ಒಂದು ಬೈನಾಕ್ಯುಲರ್ ತರಿಸಿದ್ದೇನೆ. ಅವಳಿಗೆ ಹಕ್ಕಿ ನೋಡುವ ಹುಚ್ಚು.

ಸುಮ್ನೆ ಕೈಗೆ ಕೊಟ್ಟು ಮುಗಿಸೋಣ ಅಂತಿದ್ದೆ. ಬೆಂಗಳೂರಲ್ಲಿರುವ ಭಾಮೈದ ಬಿಡ್ತಿಲ್ಲ. "ಭಾವ, ಎಲ್ಲರ ಎದುರು ಟೋಸ್ಟ್ ಮಾಡಿ, ಎರಡು ಮಾತಾಡಿ, ಲೋಟ ಎತ್ತಿಸಿ, ಆಮೇಲೆ ಕೊಡಿ" ಅಂತ. ನಾನು ಸೊಸೈಟಿ ಮೀಟಿಂಗಿನಲ್ಲಿ ಬಿಟ್ಟರೆ ಎಲ್ಲೂ ಎದ್ದು ನಿಂತು ಮಾತಾಡಿದವನಲ್ಲ. ಬರೆದದ್ದು ಮೂರು ಪುಟ ಆಗಿದೆ. ಶುರು ಮತ್ತು ಕೊನೆ ಮಾತ್ರ ಇಲ್ಲಿ ಹಾಕ್ತೇನೆ:

"ಆತ್ಮೀಯ ಬಂಧುಗಳೇ, ನನ್ನ ಧರ್ಮಪತ್ನಿಯ ನಲವತ್ತನೇ ಜನ್ಮದಿನದ ಈ ಶುಭ ಸಂದರ್ಭದಲ್ಲಿ ತಾವೆಲ್ಲರೂ ಆಗಮಿಸಿರುವುದು ಅತೀವ ಸಂತಸ ತಂದಿದೆ. ಬೆಳಗಿನ ಜಾವ ಎದ್ದು ಕೊಟ್ಟಿಗೆ ಕೆಲಸ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ನನ್ನ ಅಪ್ಪ-ಅಮ್ಮನ ಔಷಧಿ ನೋಡಿಕೊಂಡು, ಕೊಯ್ಲಿನ ಕಾಲದಲ್ಲಿ ಅಷ್ಟೂ ಆಳುಗಳಿಗೆ ಅಡುಗೆ ಮಾಡಿ ಹಾಕುವ ತ್ಯಾಗಮಯಿ ಅವಳು..."

ಕೊನೆಗೆ: "ಈಗ ಅವಳಿಗೂ ಚಾಳೀಸು ಬಂತು. ಕಣ್ಣು ಕಾಣದೆ ಹೋಗಬಾರದಲ್ಲ, ಅದಕ್ಕೇ ಈ ಬೈನಾಕ್ಯುಲರ್!"

ಕೊನೆಯ ಸಾಲಿಗೆ ಎಲ್ಲರೂ ನಗ್ತಾರೆ ಅಂತ ಲೆಕ್ಕ. ಹೇಗಿದೆ?

ಹೊಸನಗರಹುಡ್ಗ

ಮೂರು ಪುಟನಾ? ಅಷ್ಟೊತ್ತಿಗೆ ಅವರಿಗೆ 41 ಆಗಿರುತ್ತೆ ಅಣ್ಣ.

ಶಾನುಭೋಗರು

ಮೊದಲು ಒಂದು ಸರಿ ಮಾಡಿಕೊಳ್ಳಿ. 40 ತುಂಬಿದರೆ 41ಕ್ಕೆ ಕಾಲಿಟ್ಟ ಹಾಗೆ. ಇನ್ನೊಂದು, ಹುಟ್ಟುಹಬ್ಬ ತಾರೀಕಿಗೋ ಜನ್ಮನಕ್ಷತ್ರಕ್ಕೋ? ನಮ್ಮ ಮನೆಯಲ್ಲಿ ನಕ್ಷತ್ರದ ದಿನವೇ ಎಣ್ಣೆ ಹಚ್ಚಿ ಆರತಿ ಮಾಡೋದು. ತಾರೀಕು ಶಾಲೆ ದಾಖಲಾತಿಗೆ ಮಾತ್ರ.

ತೋಟದಮನೆ

ನಕ್ಷತ್ರ ಹೋದ ವಾರವೇ ಬಂತು ರಾಯರೇ. ಅಮ್ಮ ಎಣ್ಣೆ ಹಚ್ಚಿ ಆರತಿ ಮಾಡಿ ಪಾಯಸ ಮಾಡಿದ್ದಾಯ್ತು. ಇದು ತಾರೀಕಿನದ್ದು.

ವಿನೋಬನಗರ

ನನ್ನ ಕೇಳಿದರೆ ಬೈನಾಕ್ಯುಲರ್ ಬೇಡ. ಗಾಂಧಿ ಬಜಾರಿಗೆ ಹೋಗಿ ಒಂದು ಜೊತೆ ಓಲೆ ತನ್ನಿ. ಬಂಗಾರಕ್ಕೆ ಭಾಷಣವೇ ಬೇಡ, ಅದೇ ಮಾತಾಡುತ್ತೆ.

ತೋಟದಮನೆ

ಏನು ಕೊಡಲಿ ಅಂತ ಕೇಳಿದ್ದಲ್ಲ ಮಾರಾಯ್ರೆ. ಏನು ಹೇಳಲಿ ಅಂತ.

ಸಾಗರದಸೊಸೆ

ಅಣ್ಣ, ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಕೊಟ್ಟಿಗೆ, ಔಷಧಿ, ಆಳಿನ ಅಡುಗೆ ಪಟ್ಟಿ ಇದೆಯಲ್ಲ, ಅದನ್ನು ಪೂರ್ತಿ ತೆಗೀರಿ. ನಲವತ್ತು ತುಂಬಿದ ದಿನ ಒಬ್ಬ ಹೆಂಗಸಿನ ಬಗ್ಗೆ ಹೇಳೋಕೆ ಇರೋದು ಅವಳು ಮಾಡಿದ ಚಾಕರಿ ಮಾತ್ರನಾ? ಎದುರಿಗೆ ಕೂತ ಅವರ ಅಮ್ಮನಿಗೆ ಅದು ಹೇಗೆ ಕೇಳಿಸುತ್ತೆ ಯೋಚನೆ ಮಾಡಿ. ಮಗಳನ್ನು ಕೊಟ್ಟಿದ್ದು ಇಷ್ಟು ದುಡಿಸೋಕಾ ಅಂತ ಅನ್ನಿಸುತ್ತೆ.

ನನ್ನ 40ಕ್ಕೆ ನಮ್ಮನೆಯವರು ಸರ್ಪ್ರೈಸ್ ಅಂತ ವೆಟ್ ಗ್ರೈಂಡರ್ ಕೊಟ್ಟರು. ಜೊತೆಗೆ ಮಾತು ಬೇರೆ: "ಇನ್ನು ಮೇಲೆ ದೋಸೆ ಹಿಟ್ಟು ನುಣ್ಣಗೆ ಬರುತ್ತೆ." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಒಳಗೆ ಹೋಗಿ ಅತ್ತೆ ಹತ್ರ "ಅವರಿಗೆ ದೋಸೆ ಬೇಕಿತ್ತು ಅಂತ ನೇರ ಹೇಳಬಹುದಿತ್ತು" ಅಂದೆ. ಅತ್ತೆಯೂ ನನ್ನ ಕಡೆಯೇ.

ಶಾನುಭೋಗರು

ಇದು ಜಾಸ್ತಿ ಆಯ್ತು ತಂಗಿ. ಅತ್ತೆ-ಮಾವನನ್ನು ನೋಡಿಕೊಂಡಿದ್ದನ್ನು ನಾಲ್ಕು ಜನರ ಎದುರು ಹೇಳೋದು ಗೌರವ. ಹೇಳದೇ ಇದ್ದರೆ ಕೃತಜ್ಞತೆ ಇಲ್ಲದವನು ಅಂತಾರೆ.

ಸಾಗರದಸೊಸೆ

ಗೌರವ ಕೊಡೋದಾದರೆ ಔಷಧಿ ಡಬ್ಬ ಒಂದು ವಾರ ಅವರೇ ನೋಡಿಕೊಳ್ಳಲಿ ರಾಯರೇ.

ಮೈಕ್‌ಮಾವ

ನಾನು ಹೈಸ್ಕೂಲ್ ಮೇಷ್ಟ್ರಾಗಿದ್ದವನು. ಶಿವಮೊಗ್ಗ ಸುತ್ತ ಮದುವೆ, ಆರತಕ್ಷತೆ, ಬೀಳ್ಕೊಡುಗೆ ಅಂತ ನಿರೂಪಣೆಗೆ ಹೋಗಿ ಮೈಕ್ ಹಿಡಿದೂ ಹಿಡಿದೂ ಈ ಹೆಸರು ಬಂದಿದೆ. ಇಂಥ ಸಣ್ಣ ಮಾತು ಹಾಳಾಗೋದು ಎರಡು ಕಡೆ. ಒಂದು, ಉದ್ದ. ಇನ್ನೊಂದು, ಉಡುಗೊರೆ ಯಾವಾಗ ಕಾಣಿಸುತ್ತದೆ ಅನ್ನೋದು.

ಉದ್ದದ ವಿಷಯ. ಕನ್ನಡದ ಪದಗಳು ಉದ್ದ. ಮನೆಮಂದಿಯ ಎದುರು ತಡೆದು ತಡೆದು ಮಾತಾಡಿದರೆ ಒಂದು ನಿಮಿಷಕ್ಕೆ ಸುಮಾರು 90 ಪದ ಹೋಗುತ್ತದೆ. ನಿಮ್ಮ ಮೂರು ಪುಟ ಅಂದರೆ ಕಡಿಮೆ ಅಂದರೂ ಆರೇಳು ನಿಮಿಷ. ಮೂರನೇ ನಿಮಿಷಕ್ಕೆ ಮಕ್ಕಳು ಎದ್ದು ಓಡುತ್ತವೆ, ಅವನ್ನು ಹಿಡಿಯೋಕೆ ಅಮ್ಮಂದಿರು ಏಳುತ್ತಾರೆ, ಅಲ್ಲಿಗೆ ಸಭೆ ಮುಗಿಯಿತು. 150 ಪದದ ಒಳಗೆ ಇಟ್ಟುಕೊಳ್ಳಿ. ಆ 150ರಲ್ಲಿ "ಆಗಮಿಸಿರುವುದು ಅತೀವ ಸಂತಸ" ಅನ್ನೋದಕ್ಕೆ ಜಾಗ ಇಲ್ಲ. ನಿಮ್ಮ ಮನೆಯ ಜಗಲಿಯಲ್ಲಿ ನಿಮ್ಮ ಮಾವನಿಗೆ ನೀವು ಯಾವತ್ತಾದರೂ "ತಾವು ಆಗಮಿಸಿರುವುದು" ಅಂದಿದ್ದೀರಾ?

ಉಡುಗೊರೆ ವಿಷಯ. ಡಬ್ಬ ಕೈಯಲ್ಲಿ ಹಿಡಿದು ಮಾತು ಶುರು ಮಾಡಿದರೆ ಎಲ್ಲರ ಕಣ್ಣೂ ಡಬ್ಬದ ಮೇಲೆ. ಒಳಗೆ ಏನಿರಬಹುದು ಅಂತ ಲೆಕ್ಕ ಹಾಕುತ್ತಿರುತ್ತಾರೆ, ನಿಮ್ಮ ಮಾತು ಯಾರ ಕಿವಿಗೂ ಬೀಳಲ್ಲ. ಮೊದಲೇ ಕೊಟ್ಟು ಆಮೇಲೆ ಮಾತಾಡಿದರೆ ಇನ್ನೂ ಕಷ್ಟ, ಅವರು ಬಿಚ್ಚುತ್ತಾ ಇರುತ್ತಾರೆ, ನೀವು ಬೆನ್ನಿಗೆ ಮಾತಾಡುತ್ತಾ ಇರುತ್ತೀರಿ. ಹಾಗಾಗಿ ಡಬ್ಬ ಒಳಕೋಣೆಯಲ್ಲಿ ಮಗನ ಹತ್ರ ಇರಲಿ. ನಿಮ್ಮ ಕೊನೆಯ ಮಾತು ಕೇಳಿದ ಕೂಡಲೇ ಅವನು ತರಬೇಕು. ಆ ಮಾತಾದ ಮೇಲೆ ನೀವು ಬಾಯಿ ಬಿಡಬಾರದು.

ಈಗ ಹೇಳಿ, ಬೈನಾಕ್ಯುಲರೇ ಯಾಕೆ? "ಹಕ್ಕಿ ಹುಚ್ಚು" ಅಂತ ಬರೆದಿರಿ. ಅದು ಎಲ್ಲರಿಗೂ ಗೊತ್ತಿರುವುದು. ನಿಮಗಿಬ್ಬರಿಗೆ ಮಾತ್ರ ಗೊತ್ತಿರುವುದು ಏನಾದರೂ ಉಂಟಾ?

ಭದ್ರಾವತಿಬಾಬು

ಯಾವ ಬೈನಾಕ್ಯುಲರ್? 10×50 ತಗೊಂಡಿದೀರಿ ತಾನೆ? ದೊಡ್ಡದಾದಷ್ಟೂ ಚೆನ್ನಾಗಿ ಕಾಣುತ್ತೆ. ನನ್ನ ಹತ್ರ 20 ಪಟ್ಟಿನದು ಇದೆ.

ತೋಟದಮನೆ

8×42. ಮೇಷ್ಟ್ರೇ, ಒಂದು ಸಂಗತಿ ಉಂಟು. ಆದರೆ ಅದು ಹೇಳೋಕೆ ಮುಜುಗರ.

ನಾನು ಓದಿದ್ದೆಲ್ಲ ಹಾಸ್ಟೆಲ್‌ನಲ್ಲಿ, ಆಮೇಲೆ ಹೊರಗೆ ಕೆಲಸ. ತೋಟಕ್ಕೆ ವಾಪಸ್ ಬಂದದ್ದು ಮದುವೆ ಹೊತ್ತಿಗೆ. ಅವಳು ಆಗುಂಬೆ ಕಡೆಯವಳು, ಹುಟ್ಟಿದಾಗಿನಿಂದ ಕಾಡು ನೋಡಿದವಳು. ಮದುವೆಯಾದ ಮೊದಲ ಮಳೆಗಾಲ, ಇನ್ನೂ ಬೆಳಕು ಹರಿದಿಲ್ಲ, ಹಳ್ಳದ ಕಡೆಯಿಂದ ಯಾರೋ ಶಿಳ್ಳೆ ಹಾಕ್ತಿದ್ದಾರೆ. ಪೋಲಿ ಹುಡುಗರು ಹಾಕ್ತಾರಲ್ಲ, ಹಾಗೇ. ಏಳುತ್ತೆ, ಇಳಿಯುತ್ತೆ, ನಿಲ್ಲುತ್ತೆ, ಮತ್ತೆ ಶುರು. ಮನೆಗೆ ಹೊಸ ಸೊಸೆ ಬಂದಿದ್ದಾಳೆ ಅಂತ ಯಾವನೋ ಕೀಟಲೆ ಮಾಡ್ತಿದ್ದಾನೆ ಅಂದುಕೊಂಡೆ. ಕಂಬಳಿ ಕೊಪ್ಪೆ ಹಾಕಿಕೊಂಡು ದೊಣ್ಣೆ ಹಿಡಿದು "ಯಾವನೋ ಅದು!" ಅಂತ ಹಳ್ಳಕ್ಕೆ ಇಳಿದೆ. ಅವಳು ಜಗಲಿ ಕಟ್ಟೆ ಮೇಲೆ ನಿಂತು ಹೊಟ್ಟೆ ಹಿಡ್ಕೊಂಡು ನಗ್ತಿದ್ದಳು. ಆಮೇಲೆ ಹೇಳಿದ್ದು, ಅದು ಹಕ್ಕಿ ಅಂತ.

ಇಷ್ಟು ವರ್ಷವಾದರೂ ಮಳೆ ಹಿಡಿದ ಮೇಲೆ ಅದು ಕೂಗಿದಾಗ ನನ್ನನ್ನು ಎಬ್ಬಿಸಿ "ನೋಡಿ, ನಿಮ್ಮ ಪೋಲಿ ಬಂದ" ಅಂತಾಳೆ. ಆದರೆ ಅದನ್ನು ಸರಿಯಾಗಿ ನೋಡಿದ್ದಿಲ್ಲ. ಕತ್ತಲಲ್ಲಿ ಕಪ್ಪಗೆ ಏನೋ ಕಲ್ಲಿಂದ ಕಲ್ಲಿಗೆ ಹಾರಿದ್ದು ಕಾಣುತ್ತೆ, ಅಷ್ಟೇ. ಅದರ ಮೈ ನೀಲಿ ಅಂತೆ. "ಆ ನೀಲಿ ಒಂದ್ಸಲ ನೋಡಬೇಕು" ಅಂತ ಅವಳು ಹೇಳಿದ್ದಕ್ಕೇ ಇದನ್ನು ತರಿಸಿದ್ದು.

ಮೈಕ್‌ಮಾವ

ಮಾರಾಯ, ಇದನ್ನು ಬಿಟ್ಟು ಆಳಿನ ಅಡುಗೆ ಬರೆದೆಯಾ!

ಸಾಗರದಸೊಸೆ

ಇದೇ ಭಾಷಣ. ಬೇರೆ ಏನೂ ಬೇಡ.

ಹಳ್ಳದಂಚು

ಅದು ಮಲಬಾರ್ ವಿಸ್ಲಿಂಗ್ ಥ್ರಷ್. ಇಂಗ್ಲಿಷಿನಲ್ಲಿ ಅದನ್ನು ವಿಸ್ಲಿಂಗ್ ಸ್ಕೂಲ್‌ಬಾಯ್ ಅಂತಲೂ ಕರೀತಾರೆ, ಹಾಗಾಗಿ ನೀವು ದೊಣ್ಣೆ ಹಿಡಿದದ್ದರಲ್ಲಿ ತಪ್ಪಿಲ್ಲ. ಹಳ್ಳದ ಪಕ್ಕವೇ ಇರೋದು. ಮಳೆಗಾಲ ಅದರ ಮರಿ ಮಾಡುವ ಕಾಲ, ಅದಕ್ಕೇ ಆಗ ಕೂಗು ಜಾಸ್ತಿ. ನೆರಳಲ್ಲಿ ಕಪ್ಪಗೆ ಕಾಣುತ್ತದೆ. ಬೆಳಕು ಬಿದ್ದಾಗ ಹಣೆ ಮತ್ತು ಭುಜದ ಮೇಲೆ ನೀಲಿ ಹೊಳೆಯುತ್ತದೆ. ನಸುಕಿನಲ್ಲಿ ಬೈನಾಕ್ಯುಲರ್ ಹಿಡಿದರೂ ಆ ನೀಲಿ ಸಿಗೋದು ಕಷ್ಟ. ಮಳೆ ಬಿಟ್ಟು ಸ್ವಲ್ಪ ಬೆಳಕಾದ ಮೇಲೆ ಬಂಡೆ ಮೇಲೆ ಕೂತಾಗ ನೋಡಲಿ. ಇದನ್ನು ಭಾಷಣದಲ್ಲಿ ಹೇಳಬೇಡಿ ಮತ್ತೆ.

8×42 ಒಳ್ಳೆ ಆಯ್ಕೆ. ಬಾಬು ಅವರೇ, 10×50 ತೋಟಕ್ಕೆ ಆಗಲ್ಲ. ಪಟ್ಟು ಹೆಚ್ಚಿದಷ್ಟೂ ಕೈಯ ನಡುಕವೂ ಅಷ್ಟೇ ದೊಡ್ಡದಾಗುತ್ತದೆ, ನೋಡುವ ಜಾಗವೂ ಕಿರಿದಾಗುತ್ತದೆ. ಅಡಿಕೆ ಮರಗಳ ಸಂದಿಯಲ್ಲಿ ಹಾರುವ ಹಕ್ಕಿಯನ್ನು ಹುಡುಕೋಕೆ ಅಗಲ ಬೇಕು.

ಭದ್ರಾವತಿಬಾಬು

ಆದರೆ 50 ಅಂದರೆ ಬೆಳಕು ಜಾಸ್ತಿ ಬರುತ್ತಲ್ಲ? ಕತ್ತಲಿಗೆ ಅದೇ ಒಳ್ಳೇದು.

ಹಳ್ಳದಂಚು

ಅರ್ಧ ಸರಿ. ಗಾಜು ದೊಡ್ಡದು, ಬೆಳಕು ಜಾಸ್ತಿ ಹಿಡಿಯುತ್ತದೆ. ಆದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಬರೋದು ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ. 50ನ್ನು 10ರಿಂದ ಭಾಗಿಸಿ, 5 ಮಿಲಿಮೀಟರ್. 42ನ್ನು 8ರಿಂದ ಭಾಗಿಸಿ, 5.25. ಹೆಚ್ಚುಕಡಿಮೆ ಒಂದೇ. ಭಾರ ಮಾತ್ರ ಕುತ್ತಿಗೆಗೆ ಹೆಚ್ಚು. ನಿಮ್ಮ 20 ಪಟ್ಟಿನದು ಸ್ಟ್ಯಾಂಡ್ ಇಲ್ಲದೆ ಏನು ತೋರಿಸುತ್ತೆ?

ಭದ್ರಾವತಿಬಾಬು

ಚಂದ್ರ ನೋಡ್ತೀನಿ ಬಿಡಿ.

ಮೈಕ್‌ಮಾವ

ನಮ್ಮ ವಿಷಯಕ್ಕೆ ಬನ್ನಿ. ಚಾಳೀಸಿನ ಜೋಕು ತೆಗೀಬೇಕು. ವಯಸ್ಸಿನ ಜೋಕಿಗೆ ಎಲ್ಲ ಕಡೆ ನಗು ಬರುತ್ತದೆ, ಅದು ನಿಜ. ಆದರೆ ಇಲ್ಲಿ ಉಡುಗೊರೆಯೇ ಕಣ್ಣಿಗೆ ಹಿಡಿಯುವಂಥದ್ದು. ಒಮ್ಮೆ ಆ ಜೋಕು ಹೇಳಿದಿರೋ, ಅದು "ಕಣ್ಣು ಮಂಜಾದವಳಿಗೆ ಕೊಟ್ಟ ಬೈನಾಕ್ಯುಲರ್" ಆಗಿಬಿಡುತ್ತದೆ. ಅವರು ಪ್ರತಿ ಸಲ ಕುತ್ತಿಗೆಗೆ ಹಾಕಿಕೊಂಡಾಗ ಯಾರೋ ಒಬ್ಬರು ಚಾಳೀಸು ಅನ್ನುತ್ತಾರೆ.

ಹಳ್ಳದಂಚು

ಜೋಕು ಲೆಕ್ಕಕ್ಕೂ ಕೂರಲ್ಲ. ಚಾಳೀಸಿನಲ್ಲಿ ಕಾಣದೆ ಹೋಗೋದು ಹತ್ತಿರದ್ದು. ದೂರದ ಹಕ್ಕಿಗೂ ಅದಕ್ಕೂ ಸಂಬಂಧ ಇಲ್ಲ.

ಹೊಸನಗರಹುಡ್ಗ

ಅಯ್ಯೋ, ನಗೋಕೆ ಲೆಕ್ಕ ಯಾಕೆ? ನಮ್ಮಕ್ಕ ಆಗಿದ್ದರೆ ಆ ಜೋಕಿಗೆ ಎಲ್ಲರಿಗಿಂತ ಮೊದಲು ನಗ್ತಿದ್ದಳು. ಎಲ್ಲವನ್ನೂ ತೆಗೆದರೆ ಪ್ರಾರ್ಥನೆ ಆಗುತ್ತೆ.

ಸಾಗರದಸೊಸೆ

ನಗ್ತಾಳೆ ಅನ್ನೋದಕ್ಕೂ ಇಷ್ಟ ಆಯ್ತು ಅನ್ನೋದಕ್ಕೂ ವ್ಯತ್ಯಾಸ ಇದೆ ತಮ್ಮಾ. ಗ್ರೈಂಡರ್ ದಿನ ನಾನೂ ನಕ್ಕಿದ್ದೆ ಅಂದೆನಲ್ಲ.

ಮೈಕ್‌ಮಾವ

ನಗು ಬೇಕು, ಸರಿ. ಆದರೆ ದೊಣ್ಣೆ ಹಿಡಿದ ಗಂಡನ ಮೇಲೆ ಬರಲಿ. ಅಂಥ ನಗು ಈ ಕಥೆಯಲ್ಲಿ ಆಗಲೇ ಇದೆ.

ಸಂಜೆ ಕೂತು ಬರೆದೆ. ನೋಡಿ. ಖಾಲಿ ಜಾಗದಲ್ಲಿ ಅವರ ಹೆಸರು.

"ಎಲ್ಲರೂ ಬಂದಿದ್ದೀರಿ, ಖುಷಿ ಆಯ್ತು. ಊಟಕ್ಕೆ ಮುಂಚೆ ಎರಡೇ ನಿಮಿಷ.

ನಮ್ಮ ಮದುವೆಯಾದ ಮೊದಲ ಮಳೆಗಾಲ. ಒಂದು ದಿನ ನಸುಕಿನಲ್ಲಿ ಹಳ್ಳದ ಕಡೆಯಿಂದ ಯಾರೋ ಶಿಳ್ಳೆ ಹಾಕ್ತಿದ್ದರು. ಹೊಸ ಸೊಸೆ ಬಂದ ಮನೆ ಎದುರು ಇದ್ಯಾವನಪ್ಪ ಅಂತ ನಾನು ಕಂಬಳಿ ಕೊಪ್ಪೆ ಹಾಕಿ ದೊಣ್ಣೆ ಹಿಡಿದು ಹೊರಟೆ. ಹಳ್ಳದಲ್ಲಿ ಯಾರೂ ಇಲ್ಲ. ತಿರುಗಿ ನೋಡಿದರೆ ------ ಜಗಲಿ ಮೇಲೆ ನಿಂತು ನಗ್ತಿದ್ದಾಳೆ. ಅದು ಹಕ್ಕಿ ಅಂತ ನನಗೆ ಹೇಳಿಕೊಟ್ಟವಳು ಅವಳು. ನಾನು ಈ ತೋಟದ ಯಜಮಾನ. ತೋಟದಲ್ಲಿ ಯಾರ್ಯಾರಿದ್ದಾರೆ ಅಂತ ಗೊತ್ತಾಗಿದ್ದು ಅವಳಿಂದ.

ಈಗಲೂ ಅದು ಕೂಗಿದರೆ 'ನಿಮ್ಮ ಪೋಲಿ ಬಂದ' ಅಂತ ಎಬ್ಬಿಸ್ತಾಳೆ. ಇಬ್ಬರೂ ಕಿಟಕಿ ಹತ್ರ ನಿಲ್ತೇವೆ. ಕಪ್ಪಗೆ ಏನೋ ಹಾರುತ್ತೆ. ಅದರ ಮೈ ನೀಲಿಯಂತೆ. ಇಷ್ಟು ವರ್ಷದಲ್ಲಿ ಆ ನೀಲಿ ಅವಳಿಗೆ ಒಮ್ಮೆಯೂ ಸಿಕ್ಕಿಲ್ಲ.

------, ಇವತ್ತಿಗೆ ನಿನಗೆ ನಲವತ್ತು. ದೊಣ್ಣೆ ಒಳಗಿಟ್ಟೆ. ಈ ಸಲ ಬೇರೆ ತಂದಿದ್ದೇನೆ. ಆ ಪೋಲಿಯನ್ನು ಸರಿಯಾಗಿ ನೋಡು."

ಎರಡು ನಿಮಿಷದೊಳಗೆ ಮುಗಿಯುತ್ತದೆ. ಎರಡು ವಿಷಯ ಗಮನಿಸಿ. ಕೊನೆಯ ತುಂಡು ಬಿಟ್ಟು ಉಳಿದದ್ದೆಲ್ಲ ನೆಂಟರ ಕಡೆ ತಿರುಗಿ ಹೇಳೋದು. ಕೊನೆಯ ತುಂಡಿಗೆ ಮಾತ್ರ ಅವರ ಕಡೆ ತಿರುಗಿ. ಇಡೀ ಹೊತ್ತು ಹೆಂಡತಿಯನ್ನೇ ನೋಡಿ ಮಾತಾಡಿದರೆ ನೆಂಟರಿಗೆ ಬೇರೆಯವರ ಮನೆ ಕಿಟಕಿಯಲ್ಲಿ ಇಣುಕಿದ ಹಾಗೆ ಆಗುತ್ತದೆ. ಮತ್ತೆ, "ಬೈನಾಕ್ಯುಲರ್" ಅನ್ನೋ ಪದವನ್ನೇ ಬಿಟ್ಟಿದ್ದೇನೆ. ಡಬ್ಬ ತೆರೆದಾಗ ಅವರೇ ಹೇಳಲಿ.

ತೋಟದಮನೆ

ಮೇಷ್ಟ್ರೇ, ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ತುಂಬ ಉಪಕಾರ. ಒಂದೇ ಪೇಚು. ನಾನು ಹಿರಿಯರ ಎದುರು ಅವಳನ್ನು ಹೆಸರು ಹಿಡಿದು ಕರೆದವನೇ ಅಲ್ಲ. "ಇವಳೇ" ಅಂತಲೇ.

ಮೈಕ್‌ಮಾವ

ಹಾಗಾದರೆ ಮೊದಲನೆಯದು ತೆಗೆದು "ಇವಳು" ಅನ್ನಿ. ಕೊನೆಯದಕ್ಕೆ ಹೆಸರು ಇರಲಿ. ಯಾವತ್ತೂ ಕರೆಯದ ಹೆಸರು ಅಂದರೆ ಅದಕ್ಕೆ ಇನ್ನೂ ತೂಕ.

ಶಾನುಭೋಗರು

ಶಿಳ್ಳೆ, ಪೋಲಿ, ಹೊಸ ಸೊಸೆ... ಅವರ ಅಪ್ಪ-ಅಮ್ಮ ಎದುರಿಗೆ ಕೂತಿರುತ್ತಾರೆ. ನನಗೆ ಸರಿ ಕಾಣಲಿಲ್ಲ. ಹಿರಿಯರಿಗೆ ಒಂದು ನಮಸ್ಕಾರವೂ ಇಲ್ಲ ಇದರಲ್ಲಿ.

ಮೈಕ್‌ಮಾವ

ನಮಸ್ಕಾರ ಮಾತಿನಲ್ಲಿ ಬೇಡ ರಾಯರೇ, ಮಾತಿಗೆ ಮುಂಚೆ ಕಾಲಿಗೆ ಬಿದ್ದರೆ ಆಯ್ತು. ಪೋಲಿ ವಿಷಯ ನೀವು ಹೇಳಿದ್ದರಲ್ಲೂ ಸತ್ಯ ಉಂಟು. ಮಾವನವರ ಸ್ವಭಾವ ಇವರಿಗೇ ಗೊತ್ತು.

ತೋಟದಮನೆ

ಮಾವ ನನಗಿಂತ ಪೋಲಿ, ಅದಕ್ಕೆ ಅಡ್ಡಿಲ್ಲ. ಅಮ್ಮನದ್ದೇ ಹೆದರಿಕೆ.

ಲೋಟ ಎತ್ತೋದು ಹೇಗೆ? ಭಾಮೈದ ವೈನ್ ತರ್ತೀನಿ ಅಂದ, ಬೈದೆ. ಮುರುಗಲು ಪಾನಕ ಮಾಡೋಣ ಅಂತಿದ್ದೇವೆ.

ಹೊಸನಗರಹುಡ್ಗ

ನಮ್ಮ ಕಡೆ ಲೋಟ ಎತ್ತೋದೇ ಎತ್ತಿ ಕುಡಿಯೋಕೆ. ನಿಮ್ಮ ಅಜ್ಜಿ ಮೇಲಿಂದ ಹೊಯ್ದುಕೊಳ್ಳುವಾಗ "ಚಿಯರ್ಸ್" ಅಂದರೆ ನೆತ್ತಿಗೆ ಹತ್ತುತ್ತೆ, ಹುಷಾರು.

ಮೈಕ್‌ಮಾವ

ಲೋಟ ಕೊನೆಗೆ. ಡಬ್ಬ ತೆರೆದು, ಅವರು ಕುತ್ತಿಗೆಗೆ ಹಾಕಿಕೊಂಡ ಮೇಲೆ ತಟ್ಟೆಯಲ್ಲಿ ಪಾನಕ ಬರಲಿ. ಮೊದಲೇ ಹಂಚಿದರೆ ನೀವು ಬಾಯಿ ತೆರೆಯುವ ಮುಂಚೆ ಮಕ್ಕಳ ಲೋಟ ಖಾಲಿ. ಮತ್ತೆ ಅವರಿಗೂ ಡಬ್ಬ ತಗೊಳ್ಳೋಕೆ ಎರಡು ಕೈ ಬೇಕು. ಲೋಟ ಎತ್ತಿಸುವ ಒಂದು ಸಾಲನ್ನು ಭಾಮೈದನಿಗೇ ಬಿಡಿ, ಆಸೆ ಅವನದ್ದು ತಾನೆ. ಎಲೆ ಹಾಕುವ ಮುಂಚೆ ಎಲ್ಲ ಮುಗೀಬೇಕು. ಎಲೆ ಮುಂದೆ ಕೂರಿಸಿಕೊಂಡು ಮಾತು ಶುರು ಮಾಡಿದರೆ ಬಡಿಸುವವರು ಅನ್ನದ ಪಾತ್ರೆ ಹಿಡಿದು ನಿಮ್ಮನ್ನೇ ಗುರಾಯಿಸುತ್ತಾರೆ.

ಭದ್ರಾವತಿಬಾಬು

ಲೋಟ ಕೊನೆಗೆ ಬಂದರೆ ಅದು ಟೋಸ್ಟ್ ಹೇಗಾಗುತ್ತೆ? ಲೋಟ ಕೈಯಲ್ಲಿ ಹಿಡಿದೇ ಮಾತಾಡಬೇಕು. ಪಿಕ್ಚರಲ್ಲಿ ನೋಡಿಲ್ವಾ?

ಹಳ್ಳದಂಚು

ಮುರುಗಲು ಪಾನಕ ಲೆನ್ಸ್ ಮೇಲೆ ಬಿದ್ದರೆ ಒರೆಸೋಕೆ ಆ ಪಿಕ್ಚರಿನವರು ಬರಲ್ಲ.

ಇನ್ನೊಂದು, ಶನಿವಾರ ರಾತ್ರಿಯೇ ಡಬ್ಬದಿಂದ ತೆಗೆದು ಬೆಲ್ಟ್ ಹಾಕಿಡಿ. ಹೊಸದರಲ್ಲಿ ಬೆಲ್ಟ್ ಬೇರೆ ಇರುತ್ತದೆ. ಆ ಸಣ್ಣ ಬಕಲಿನಲ್ಲಿ ಪೋಣಿಸೋಕೆ ಹತ್ತು ನಿಮಿಷ ಹೋಗುತ್ತದೆ, ಅಲ್ಲಿಯವರೆಗೆ ಮೂವತ್ತು ಜನ ಬಾಯಿ ಬಿಟ್ಟುಕೊಂಡು ನೋಡ್ತಿರ್ತಾರೆ. ಅವರು ಕನ್ನಡಕ ಹಾಕ್ತಾರಾ? ಹಾಕುವುದಾದರೆ ಕಣ್ಣಿಡುವ ಕಡೆ ಇರುವ ರಬ್ಬರ್ ಬಟ್ಟಲನ್ನು ತಿರುಗಿಸಿ ಪೂರ್ತಿ ಒಳಗೆ ತಳ್ಳಿಡಿ. ಇಲ್ಲದಿದ್ದರೆ ಮೊದಲ ಸಲ ಕಣ್ಣಿಗಿಟ್ಟಾಗ ಸುತ್ತ ಕಪ್ಪು ಕಾಣಿಸಿ "ಏನೂ ಕಾಣ್ತಿಲ್ಲ" ಅಂತಾರೆ.

ಸಾಗರದಸೊಸೆ

ಗಿಫ್ಟ್ ಪೇಪರ್ ಸುತ್ತಿ ಟೇಪ್ ಹಚ್ಚಬೇಡಿ. ಮುಚ್ಚಳ ಇರುವ ಬುಟ್ಟಿಯಲ್ಲಿಟ್ಟು ಮೇಲೆ ಒಂದು ಬಟ್ಟೆ ಸಾಕು. ಮತ್ತೆ "ಈಗ ನೀನೂ ಎರಡು ಮಾತಾಡು" ಅಂತ ಯಾರಾದರೂ ಅಂದರೆ ತಡೀರಿ. ಅವರಿಗೆ ಮೊದಲೇ ಗೊತ್ತಿರಲ್ಲ, ತಯಾರಿ ಇರಲ್ಲ. ಎಷ್ಟು ಕೊಟ್ಟಿರಿ ಅಂತ ಕೇಳುವ ಚಿಕ್ಕಪ್ಪ ಒಬ್ಬರು ಎಲ್ಲರ ಮನೆಯಲ್ಲೂ ಇರ್ತಾರೆ, ಅವರಿಗೆ ಉತ್ತರ ಕೊಡಬೇಡಿ.

ಅಂದಹಾಗೆ, ದುಡ್ಡು ಯಾವ ಖಾತೆಯಿಂದ ಹೋಯ್ತು? ಜಂಟಿ ಖಾತೆ ಆದರೆ ಮೆಸೇಜ್ ಅವರ ಫೋನಿಗೂ ಹೋಗಿರುತ್ತೆ.

ತೋಟದಮನೆ

ಸೊಸೈಟಿ ಖಾತೆಯಿಂದ ನಗದು ತೆಗೆದು ಭಾಮೈದನಿಗೆ ಕೊಟ್ಟೆ. ಪಾರ್ಸೆಲ್ ಪೇಟೆಯ ಗೊಬ್ಬರದ ಅಂಗಡಿ ಗೆಳೆಯನಿಗೆ ಬಂತು. ಕಾಪರ್ ಸಲ್ಫೇಟ್ ಮೂಟೆಗಳ ಹಿಂದೆ ಇಟ್ಟಿದ್ದಾನೆ. ಬೋರ್ಡೋ ಹೊಡೆಯೋ ಕಾಲ, ನಾನು ಅಲ್ಲಿಗೆ ಹೋದರೆ ಅನುಮಾನ ಬರಲ್ಲ.

ವಿನೋಬನಗರ

ಈ ಸಲ ಕೊಳೆ ಹೇಗಿದೆ ನಿಮ್ಮ ಕಡೆ? ನಮ್ಮ ಅಣ್ಣನ ತೋಟದಲ್ಲಿ ಎರಡನೇ ಔಷಧಿಗೆ ಮಳೆ ಬಿಡ್ತಾನೇ ಇಲ್ಲ.

ತೋಟದಮನೆ

ನಮ್ಮಲ್ಲೂ ಅದೇ ಕಥೆ. ಮಳೆ ಅಂದಾಗ ನೆನಪಾಯ್ತು, ಅಂಗಳಕ್ಕೆ ತಗಡಿನ ಶೀಟ್ ಇದೆ. ಜೋರು ಮಳೆ ಬಂದರೆ ಪಕ್ಕದವನ ಮಾತೂ ಕೇಳಲ್ಲ. ಮೈಕ್ ತರಿಸಲಾ?

ಮೈಕ್‌ಮಾವ

ಈ ಹೆಸರಿಟ್ಟುಕೊಂಡು ಹೇಳ್ತಿದ್ದೇನೆ, ಮೈಕ್ ಬೇಡ. ಮೂವತ್ತು ಜನಕ್ಕೆ ಮೈಕ್ ಹಿಡಿದರೆ ನಿಮ್ಮ ದನಿ ಸೊಸೈಟಿ ಮೀಟಿಂಗಿನ ದನಿ ಆಗುತ್ತದೆ. ಕರೆಂಟ್ ಹೋದರೆ ಅದೂ ಇಲ್ಲ. ಎಲ್ಲರನ್ನೂ ಜಗಲಿಗೆ ಕರೀರಿ. ಹೆಂಚು, ಕೆಳಗೆ ಮರದ ಮುಚ್ಚಿಗೆ ಇದ್ದರೆ ಮಳೆ ಸದ್ದು ಅರ್ಧ ಕಡಿಮೆ. ಜನ ಒತ್ತೊತ್ತಿ ನಿಂತರೆ ಇನ್ನೂ ಒಳ್ಳೇದು. ಚೀಟಿ ನೋಡಿ ಓದಬೇಡಿ. ಮೊದಲ ಸಾಲು, ಕೊನೆಯ ಸಾಲು ಬಾಯಿಪಾಠ ಮಾಡಿ. ನಡುವೆ ಕಥೆ ನಿಮ್ಮದೇ, ಮರೆಯೋಕೆ ಏನಿದೆ?

*(ಭಾನುವಾರ ರಾತ್ರಿ)*

ತೋಟದಮನೆ

ಮುಗೀತು. ಕೇಳಿ.

ಮಳೆ ಇತ್ತು, ಕರೆಂಟ್ ಇರಲಿಲ್ಲ, ಜಗಲಿಯಲ್ಲೇ ಮಾಡಿದೆವು. "ದೊಣ್ಣೆ ಹಿಡಿದು ಹೊರಟೆ" ಅನ್ನುವಷ್ಟರಲ್ಲಿ ಅಮ್ಮ ನಡುವೆ ಬಾಯಿ ಹಾಕಿ "ದೊಣ್ಣೆ ಅಲ್ಲ, ನನ್ನ ಒನಕೆ ಅದು" ಅಂದರು. ಇಡೀ ಜಗಲಿ ನಕ್ಕಿತು. ನಾನು ಅಷ್ಟೂ ದಿನ ಅಮ್ಮನಿಗೆ ಹೆದರಿದ್ದು ದಂಡ. ನಡುವಿನ ಒಂದೆರಡು ಸಾಲು ಎಲ್ಲಿ ಹೋಯ್ತೋ ಗೊತ್ತಿಲ್ಲ, ಯಾರಿಗೂ ತಿಳಿದಿಲ್ಲ. ಹೆಸರು ಹಿಡಿದು ಕರೆದಾಗ ಮಾತ್ರ ಅವಳು ಸರಕ್ಕನೆ ತಲೆ ಎತ್ತಿದಳು.

ಮಗ ಬುಟ್ಟಿ ತಂದ. ಅವಳು ಬಟ್ಟೆ ತೆಗೆದು ನೋಡಿ, "ಅಯ್ಯೋ, ನಿಜವಾದ್ದಾ?" ಅಂದಳು. ಅಳಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ಕಣ್ಣಿಗಿಟ್ಟು ತೆಂಗಿನ ಮರ ನೋಡಿ, "ಎರಡು ಕಾಯಿ ಬಲಿತಿದೆ, ನಾಳೆ ಕೀಳಿಸಿ" ಅಂದಳು. ಆಮೇಲೆ ಮಾವ ಕೇಳಿದರು, ಭಾಮೈದ ಕೇಳಿದ, ಮಕ್ಕಳು ಸಾಲು ನಿಂತರು. ಪಾನಕದ ತಟ್ಟೆ ಹಿಡಿದು ನಿಂತವನನ್ನು ಯಾರೂ ನೋಡಲಿಲ್ಲ. ಕೊನೆಗೆ ಭಾಮೈದ ಒಬ್ಬನೇ ಲೋಟ ಎತ್ತಿ ಏನೋ ಅಂದ, ಮಳೆಯಲ್ಲಿ ಕೇಳಲಿಲ್ಲ.

ಊಟ ಮುಗಿದ ಮೇಲೆ ಅವಳು ಕೇಳಿದ್ದು ಒಂದೇ: "ಮಂಡಗದ್ದೆಗೆ ಯಾವಾಗ ಹೋಗೋದು?"

ಭದ್ರಾವತಿಬಾಬು

ನೋಡಿದ್ರಾ? ಲೋಟ ಮೊದಲು ಕೊಟ್ಟಿದ್ದರೆ ಟೋಸ್ಟ್ ಸರಿಯಾಗಿ ಆಗ್ತಿತ್ತು.

ಮೈಕ್‌ಮಾವ

ಆಗ್ತಿತ್ತು. ಒನಕೆ ವಿಷಯ ಯಾರ ನೆನಪಿನಲ್ಲೂ ಉಳೀತಿರಲಿಲ್ಲ.

ಶಾನುಭೋಗರು

ಕಾಲಿಗೆ ನಮಸ್ಕಾರ ಮಾಡಿದಿರೋ ಇಲ್ಲವೋ?

ತೋಟದಮನೆ

ಮಾಡಿದೆವು ರಾಯರೇ, ಇಬ್ಬರೂ.

ವಿನೋಬನಗರ

ಮಂಡಗದ್ದೆಗೆ ಈಗಲೇ ಹೋಗಿ. ತೀರ್ಥಹಳ್ಳಿ ರಸ್ತೆಯಲ್ಲೇ, ತುಂಗೆ ನಡುವಿನ ಗಡ್ಡೆ ಮೇಲೆ ಮರ ಕಾಣದ ಹಾಗೆ ಬೆಳ್ಳಕ್ಕಿ ಕೂತಿರುತ್ತವೆ. ಆದರೆ ಹೊಳೆ ಜೋರಿದ್ದರೆ ದಡದಿಂದಲೇ ನೋಡಬೇಕು. ಓಲೆಯನ್ನು ಮುಂದಿನ ವರ್ಷ ಯೋಚನೆ ಮಾಡಿ.

ತೋಟದಮನೆ

ಒಂದು ಸಂಶಯ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ. ಇದರ ಗಾಜಿಗೆ ಹಿಡಿಯದ ಹಾಗೆ ಏನು ಮಾಡೋದು? ಅಕ್ಕಿ ಡಬ್ಬದಲ್ಲಿ ಇಡಿ ಅಂತ ಅತ್ತಿಗೆ ಹೇಳ್ತಿದ್ದಾರೆ.

ಹಳ್ಳದಂಚು

ಅಕ್ಕಿ ಬೇಡ, ಅದರ ಹುಡಿ ಸಂದಿಗಳಿಗೆ ಸೇರುತ್ತದೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಕ್ಕೆ ಸಿಲಿಕಾ ಜೆಲ್ ಹಾಕಿಡಿ. ಬಣ್ಣ ಬದಲಾಗುವ ಜೆಲ್ ಸಿಗುತ್ತದೆ, ನೀರು ಹೀರಿದಾಗ ಕಣ್ಣಿಗೇ ಗೊತ್ತಾಗುತ್ತದೆ. ಆಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕಿ. ಆ ಬಾಣಲೆ ಮಾತ್ರ ಅಡುಗೆಯದ್ದು ಬೇಡ. ಒದ್ದೆಯಾಗಿದ್ದರೆ ಒರೆಸಿ, ಪೂರ್ತಿ ಒಣಗಿದ ಮೇಲೆ ಡಬ್ಬಕ್ಕೆ ಹಾಕಿ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ಮೊದಲು ಬೂಷ್ಟು ಹಿಡಿಯೋದು ಅದಕ್ಕೇ.

ಸಾಗರದಸೊಸೆ

ಆ ಜೆಲ್ ಬಿಸಿ ಮಾಡೋ ಕೆಲಸ ಅಣ್ಣನೇ ಮಾಡಲಿ.